ನೆಕ್‌ಲೈನ್ ದಾಟಿದ ಮೇಲೂ ಡಬಲ್ ಬಾಟಮ್ ಯಾಕೆ ಕೈಕೊಡುತ್ತದೆ?

"ಡಬಲ್ ಬಾಟಮ್ ಚೆನ್ನಾಗೇ ಕಾಣ್ತಿತ್ತು. ನೆಕ್‌ಲೈನ್ ದಾಟಿದ ಮೇಲೇ ತಗೊಂಡೆ. ಆದ್ರೂ ಎರಡೇ ದಿನಕ್ಕೆ ವಾಪಸ್ ಬಿದ್ದು ಸ್ಟಾಪ್‌ಲಾಸ್ ಹೊಡೀತು. ನಾನು ಮಾಡಿದ ತಪ್ಪೇನು?"

ಹೀಗೆ ಕೇಳುವವರನ್ನು ನಾನು ಮೊದಲು ಕೇಳುವುದು ಒಂದೇ: ದಾಟಿದ ದಿನ ವಾಲ್ಯೂಮ್ ಎಷ್ಟಿತ್ತು? ಬಹಳ ಜನ ಅದನ್ನು ನೋಡಿರುವುದೇ ಇಲ್ಲ. ಆಕಾರ ಸಿಕ್ಕ ಖುಷಿಯಲ್ಲಿ ಚಾರ್ಟ್‌ನ ಕೆಳಗಿನ ವಾಲ್ಯೂಮ್ ಕಂಬಗಳ ಕಡೆ ಕಣ್ಣು ಹೋಗುವುದಿಲ್ಲ. ನಾನೂ ಹಾಗೇ ಇದ್ದೆ.

ಒಂದು ಲೆಕ್ಕ ಇಟ್ಟುಕೊಳ್ಳೋಣ. ಅಂಕಿಗಳು ಸುಮ್ನೆ ಉದಾಹರಣೆಗೆ. ಕೆಲವು ತಿಂಗಳಿಂದ ಇಳಿಯುತ್ತಿದ್ದ ಷೇರು 100ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ 112ಕ್ಕೆ ಏರಿ, ಮತ್ತೆ 101ಕ್ಕೆ ಇಳಿದು, ತಿರುಗಿ ಮೇಲೆ ಹೊರಡುತ್ತದೆ. ಎರಡು ತಳಗಳ ನಡುವೆ ಮುಟ್ಟಿದ ಆ 112 ನಮ್ಮ ನೆಕ್‌ಲೈನ್. ಕಳೆದ 20 ದಿನಗಳ ಸರಾಸರಿ ವಾಲ್ಯೂಮ್ ದಿನಕ್ಕೆ 10 ಲಕ್ಷ ಷೇರು ಅಂದುಕೊಳ್ಳಿ.

ಮೊದಲ ತಳದಲ್ಲಿ ವಾಲ್ಯೂಮ್ 18 ಲಕ್ಷ ಇತ್ತು. ಹೆದರಿದವರೆಲ್ಲ ಮಾರಿ ಹೊರಬಿದ್ದ ದಿನ ಅದು. ಎರಡನೇ ತಳದಲ್ಲಿ 8 ಲಕ್ಷ. ಅದೇ ಬೆಲೆಗೆ ಬಂದರೂ ಮಾರುವವರು ಜಾಸ್ತಿ ಉಳಿದಿಲ್ಲ ಅಂತ ಅರ್ಥ. ಇಲ್ಲಿವರೆಗೆ ಒಳ್ಳೆಯ ಲಕ್ಷಣವೇ. ಆದರೆ ಮಾರುವವರು ಸುಸ್ತಾದರು ಅಂದ ಮಾತ್ರಕ್ಕೆ ಕೊಳ್ಳುವವರು ಬಂದರು ಅಂತ ಅಲ್ಲ. ಅದು ಗೊತ್ತಾಗುವುದು ನೆಕ್‌ಲೈನ್ ಹತ್ತಿರವೇ.

ಈಗ ದಾಟುವ ದಿನ. ಬೆಲೆ 114.5 ಮುಟ್ಟಿ, 112.4ಕ್ಕೆ ಕ್ಲೋಸ್ ಆಯಿತು. ವಾಲ್ಯೂಮ್ 8 ಲಕ್ಷ. ಕ್ಯಾಂಡಲ್ ಮೇಲೆ ಉದ್ದನೆಯ ವಿಕ್. ಚಾರ್ಟ್ ನೋಡಿದವರಿಗೆ "ದಾಟಿತು" ಅನಿಸುತ್ತದೆ. ನನಗೆ ಕಾಣುವುದು ಬೇರೆ. 112ರ ಸ್ವಲ್ಪ ಮೇಲೆ ಎರಡು ಥರದ ಆರ್ಡರ್‌ಗಳು ಕಾದಿರುತ್ತವೆ: ಬ್ರೇಕ್‌ಔಟ್‌ಗೆ ಕಾದವರ ಖರೀದಿ, ಮತ್ತು ಶಾರ್ಟ್ ಮಾಡಿದವರ ಸ್ಟಾಪ್‌ಲಾಸ್. ಎರಡೂ ಖರೀದಿಯೇ. ಜಾಸ್ತಿ ಮಾಲು ಹಿಡಿದುಕೊಂಡು ಹೊರಬರಲು ನೋಡುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿಗಳು ಸಿಗುತ್ತಾರಾ? ಆ ಆರ್ಡರ್‌ಗಳು ಮುಗಿದ ಮೇಲೆ ಹೊಸಬರು ಯಾರೂ ಬರದಿದ್ದರೆ ಬೆಲೆಗೆ ಆಸರೆ ಇರುವುದಿಲ್ಲ. ಮರುದಿನ 15 ಲಕ್ಷ ವಾಲ್ಯೂಮ್‌ನಲ್ಲಿ 109ಕ್ಕೆ ಇಳಿಯಿತು ಅಂದರೆ, ಮೇಲೆ ಕೊಂಡವರೆಲ್ಲ ಸಿಕ್ಕಿಹಾಕಿಕೊಂಡು ಮಾರುತ್ತಿದ್ದಾರೆ ಅಂತಲೇ ನಾನು ಓದುವುದು.

ನಿಜವಾದ ಬ್ರೇಕ್‌ಔಟ್ ಹೇಗಿರುತ್ತದೆ? ಅದೇ ಷೇರು 114ಕ್ಕೆ, ದಿನದ ಗರಿಷ್ಠದ ಹತ್ತಿರವೇ ಕ್ಲೋಸ್ ಆಗುತ್ತದೆ, ವಾಲ್ಯೂಮ್ 19 ಲಕ್ಷ. ಸರಾಸರಿಯ ಒಂದೂವರೆ ಪಟ್ಟಾದರೂ ಇರಲಿ ಅನ್ನುವುದು ನನ್ನ ಅಳತೆ. ಅದು ಕಲ್ಲಿನಲ್ಲಿ ಕೆತ್ತಿದ ನಿಯಮವೇನಲ್ಲ.

ಗೊಂದಲ ಶುರುವಾಗುವುದು ಆಮೇಲೆ. ನಿಜವಾದ ಬ್ರೇಕ್‌ಔಟ್ ಕೂಡ ಎಷ್ಟೋ ಸಲ ನೆಕ್‌ಲೈನ್‌ಗೆ ವಾಪಸ್ ಬರುತ್ತದೆ. ಬೆಲೆ ಮಾತ್ರ ನೋಡಿದರೆ ಅದೂ ಬಲೆಯ ಹಾಗೇ ಕಾಣುತ್ತದೆ. ವಾಪಸ್ ಬರುವಾಗ ವಾಲ್ಯೂಮ್ 6-7 ಲಕ್ಷಕ್ಕೆ ಒಣಗಿ, ಕ್ಲೋಸ್ 112ರ ಮೇಲೇ ಉಳಿದರೆ ನಾನು ಹೆದರುವುದಿಲ್ಲ. ವಾಲ್ಯೂಮ್ ಏರುತ್ತಾ 112ರ ಕೆಳಗೆ ಕ್ಲೋಸ್ ಆದರೆ ಹೊರಗೆ ಬರುತ್ತೇನೆ.

ಹಾಗಾಗಿ ನಾನು ಹೆಚ್ಚಾಗಿ ಕೊಳ್ಳುವುದು ವಾಪಸ್ ಬಂದಾಗಲೇ. ತಳದಿಂದ ನೆಕ್‌ಲೈನ್‌ವರೆಗಿನ ಎತ್ತರ 12, ಗುರಿ 124. 114ಕ್ಕೆ ಕೊಂಡು 110ಕ್ಕೆ ಸ್ಟಾಪ್ ಇಟ್ಟರೆ 4 ಕಳೆಯುವ ಅಪಾಯಕ್ಕೆ 10 ಸಿಗಬಹುದು. 112.5ಕ್ಕೆ ಕೊಂಡರೆ 2.5ರ ಅಪಾಯಕ್ಕೆ 11.5. ಕೆಲವು ಷೇರು ವಾಪಸ್ ಬರದೇ ಹೋಗಿಬಿಡುತ್ತವೆ. ಹೋಗಲಿ ಬಿಡಿ.

ಡಬಲ್ ಟಾಪ್‌ಗೂ ಇದನ್ನೇ ತಿರುಗಿಸಿ ಓದಬಹುದು, ಒಂದು ವ್ಯತ್ಯಾಸ ಬಿಟ್ಟು. ಮೇಲೆ ಹೋಗಲು ಯಾರಾದರೂ ಕೊಳ್ಳಲೇಬೇಕು. ಬೀಳಲು ಕೊಳ್ಳುವವರು ಹಿಂದೆ ಸರಿದರೂ ಸಾಕು. ಆದ್ದರಿಂದ ಕೆಳಗೆ ಒಡೆಯುವಾಗ ವಾಲ್ಯೂಮ್ ಕಡಿಮೆ ಇದೆ ಅಂತ ಸುಳ್ಳು ಬ್ರೇಕ್‌ಡೌನ್ ಅಂದುಕೊಂಡು ಕೂರಬೇಡಿ.

ಇನ್ನೊಂದು ಮಾತು, ಇದು ನಾನೇ ಎಡವಿದ ಜಾಗ. ದಿನದ ಮಧ್ಯದಲ್ಲಿ ಕಾಣುವ 6 ಲಕ್ಷವನ್ನು ಇಡೀ ದಿನದ 10 ಲಕ್ಷದ ಸರಾಸರಿಗೆ ಹೋಲಿಸಬೇಡಿ. ಆ ಹೊತ್ತಿಗೆ ಆ ಷೇರಿನಲ್ಲಿ ಮಾಮೂಲಾಗಿ ಎಷ್ಟಾಗಿರುತ್ತದೆ ಅಂತ ನೋಡಿ, ಇಲ್ಲವೇ ಕ್ಲೋಸ್ ಆಗುವವರೆಗೆ ಕಾಯಿರಿ.