ವಜ್ರ ಒಂದನ್ನೇ ನೋಡಿದರೆ ಸಾಕೇ?

"ಫಾರೆಸ್ಟ್ ಪ್ಲಾಟ್‌ನಲ್ಲಿ ಕೊನೆಗೆ ಇರೋ ಆ ವಜ್ರದ ಗುರುತು ನೋಡಿದ್ರೆ ಸಾಕಲ್ವಾ ಸರ್? ಮತ್ತೆ ಕೆಳಗೆ I² 92% ಅಂತ ಬರೆದಿದ್ರೆ ಆ ಮೆಟಾ-ಅನಾಲಿಸಿಸ್ ನಂಬಬಾರದಾ?"

ಸಾಕಾಗುವುದಿಲ್ಲ. ಒಂದೇ ಪ್ರಶ್ನೆಯ ಮೇಲೆ ನಡೆದ ಹಲವು ಟ್ರಯಲ್‌ಗಳನ್ನು ಒಟ್ಟುಗೂಡಿಸುವುದು ಮೆಟಾ-ಅನಾಲಿಸಿಸ್, ಅವನ್ನೆಲ್ಲ ಒಂದೇ ಚಿತ್ರದಲ್ಲಿ ತೋರಿಸುವುದು ಫಾರೆಸ್ಟ್ ಪ್ಲಾಟ್, ಅವುಗಳ ಒಟ್ಟು ಸರಾಸರಿಯೇ ವಜ್ರ. ಇನ್ನು ನಂಬುವ ಮಾತು. 92% ಅಂದ ಮಾತ್ರಕ್ಕೆ ಇಡೀ ಕೆಲಸವನ್ನು ಬದಿಗಿಡಬೇಕಿಲ್ಲ, ಆದರೆ ವಜ್ರದ ಮೇಲೆ ಭಾರ ಹಾಕುವುದನ್ನು ನಿಲ್ಲಿಸಬೇಕು. ಇದನ್ನು ತೋರಿಸಲು ನಾನು ಯಾವಾಗಲೂ ತೆಗೆಯುವುದು ಬಿಸಿಜಿ ಲಸಿಕೆಯ 13 ಟ್ರಯಲ್‌ಗಳನ್ನು. ಆರ್ ಸಾಫ್ಟ್‌ವೇರ್ ಮತ್ತು ಅದರ metafor ಪ್ಯಾಕೇಜ್ ಇದ್ದವರು ಈಗಲೇ ಚಿತ್ರ ಬರೆಸಿ ನೋಡಬಹುದು. ಡೇಟಾ ಪ್ಯಾಕೇಜಿನ ಜೊತೆಗೇ ಬರುತ್ತದೆ.

```
library(metafor)
dat <- escalc(measure="RR", ai=tpos, bi=tneg,
              ci=cpos, di=cneg, data=dat.bcg,
              slab=paste(author, year, sep=", "))
res <- rma(yi, vi, data=dat)
forest(res, atransf=exp)
predict(res, transf=exp)
```

ಪ್ರತಿ ಸಾಲೂ ಒಂದು ಟ್ರಯಲ್. ಚೌಕದ ನಡು ಇರುವ ಜಾಗ ಆ ಟ್ರಯಲ್‌ನ ರಿಸ್ಕ್ ರೇಶಿಯೋ, ಅಂದರೆ ಲಸಿಕೆ ಪಡೆದವರಲ್ಲಿ ಟಿಬಿ ಬಂದ ಪ್ರಮಾಣವನ್ನು ಪಡೆಯದವರ ಪ್ರಮಾಣದಿಂದ ಭಾಗಿಸಿದ ಸಂಖ್ಯೆ. 1 ಬಂದರೆ ಲಸಿಕೆಯಿಂದ ಏನೂ ವ್ಯತ್ಯಾಸವಾಗಿಲ್ಲ. 0.5 ಬಂದರೆ ಟಿಬಿ ಅರ್ಧಕ್ಕಿಳಿದಿದೆ. ಎರಡೂ ಬದಿಗೆ ಚಾಚಿದ ಗೆರೆ 95% ಕಾನ್ಫಿಡೆನ್ಸ್ ಇಂಟರ್ವಲ್. ಅಡಿಯ ಅಳತೆಪಟ್ಟಿ ಲಾಗ್ ಲೆಕ್ಕದ್ದು, ಅದಕ್ಕೇ 0.5 ಮತ್ತು 2 ಎರಡೂ 1ರಿಂದ ಒಂದೇ ದೂರದಲ್ಲಿ ಕೂರುತ್ತವೆ. ಗೆರೆ ಉದ್ದ ಇದ್ದಷ್ಟೂ ಆ ಟ್ರಯಲ್‌ಗೆ ಗೊತ್ತಿರುವುದು ಕಮ್ಮಿ. ನಮ್ಮ ಕಣ್ಣು ಮಾತ್ರ ಮೊದಲು ಉದ್ದ ಗೆರೆಗೇ ಹೋಗುತ್ತದೆ, ಅದೇ ತೊಂದರೆ.

ವಜ್ರ ಬಂದು ಕೂತಿರುವುದು 0.49ರಲ್ಲಿ. ಅದರ ಎರಡು ತುದಿ 0.34 ಮತ್ತು 0.70. ಇಷ್ಟನ್ನೇ ಓದಿ ಎದ್ದು ಹೋದವರು "ಬಿಸಿಜಿ ಟಿಬಿಯನ್ನು ಅರ್ಧಕ್ಕಿಳಿಸುತ್ತದೆ" ಅನ್ನುತ್ತಾರೆ.

ಈಗ ಮೇಲಿನ ಸಾಲುಗಳಿಗೆ ಬನ್ನಿ. ಬ್ರಿಟನ್ನಿನ ಟ್ರಯಲ್ (Hart & Sutherland, 1977) 0.24 ತೋರಿಸುತ್ತದೆ, ಗೆರೆ 0.18ರಿಂದ 0.31ರವರೆಗೆ. "TPT Madras, 1980" ಎಂದು ಬರೆದ ಸಾಲು ನಮ್ಮ ಪಕ್ಕದ ಚೆಂಗಲ್ಪಟ್ಟು ಟ್ರಯಲ್. ಅಲ್ಲಿ ಲಸಿಕೆ ಪಡೆದ 88,391 ಜನರಲ್ಲಿ 505 ಮಂದಿಗೆ ಟಿಬಿ ಬಂತು. ಪಡೆಯದ ಅಷ್ಟೇ ಜನರಲ್ಲಿ 499 ಮಂದಿಗೆ. ರೇಶಿಯೋ 1.01, ಗೆರೆ 0.89ರಿಂದ 1.14. ಎರಡೂ ದೊಡ್ಡ ಟ್ರಯಲ್, ಎರಡರ ಗೆರೆಯೂ ಚಿಕ್ಕದು, ಒಂದಕ್ಕೊಂದು ತಾಗುವುದೇ ಇಲ್ಲ. ಇದು ಆಕಸ್ಮಿಕ ಅಲ್ಲ. ಹೆಟೆರೋಜೆನಿಟಿ ಅಂದರೆ ಇದೇ.

ಇದರ ಪಕ್ಕದಲ್ಲಿ Comstock & Webster, 1969 ಸಾಲನ್ನಿಟ್ಟು ನೋಡಿ. ರೇಶಿಯೋ 1.56! ಲಸಿಕೆಯಿಂದ ಟಿಬಿ ಜಾಸ್ತಿಯಾಯಿತಾ ಎಂದು ಗಾಬರಿಯಾಗುತ್ತಾರೆ. ಆದರೆ ಅದರ ಗೆರೆ 0.37ರಿಂದ 6.53ರವರೆಗೆ ಬಿದ್ದುಕೊಂಡಿದೆ. ಒಂದು ಕಡೆ 5 ಕೇಸು, ಇನ್ನೊಂದು ಕಡೆ 3, ಅಷ್ಟೇ. ವಜ್ರದ 0.49 ಕೂಡ ಆ ಗೆರೆಯೊಳಗೇ ಬರುತ್ತದೆ. ಚೌಕಗಳು 1ರ ಆಚೆ ಈಚೆ ಬಿದ್ದಿವೆ ಅನ್ನುವುದು ಹೆಟೆರೋಜೆನಿಟಿಗೆ ಸಾಕ್ಷಿ ಅಲ್ಲ. ವಜ್ರದ ನಡುವಿನಿಂದ ಮೇಲಕ್ಕೆ ಒಂದು ಸ್ಕೇಲ್ ಇಟ್ಟು, ಅದನ್ನು ಮುಟ್ಟದ ಗೆರೆಗಳು ಯಾವುವು ಎಂದು ನೋಡಿ. ಅವುಗಳಲ್ಲಿ ಚಿಕ್ಕ ಗೆರೆಗಳೇ ಇದ್ದರೆ ಯೋಚಿಸಬೇಕು.

I² ಈ ನೋಟಕ್ಕೇ ಸಂಖ್ಯೆ ಕೊಡುತ್ತದೆ. 13 ಟ್ರಯಲ್‌ಗಳ ನಡುವೆ ಬರೀ ಆಕಸ್ಮಿಕ ವ್ಯತ್ಯಾಸ ಇದ್ದಿದ್ದರೆ ಪ್ರತಿ ಟ್ರಯಲ್ ಸರಾಸರಿಯಿಂದ ಎಷ್ಟು ದೂರವಿದೆ ಎಂಬುದನ್ನು ಕೂಡಿಸುವ Q ಎಂಬ ಮೊತ್ತ ಟ್ರಯಲ್‌ಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ 12ರ ಆಸುಪಾಸು ಬರಬೇಕಿತ್ತು. ಬಂದಿರುವುದು 152. ಹೆಚ್ಚುವರಿ 140ನ್ನು 152ರಿಂದ ಭಾಗಿಸಿದರೆ ಸುಮಾರು 92%. ಕಾಣುವ ಏರುಪೇರಿನಲ್ಲಿ ಇಷ್ಟು ಪಾಲು ಆಕಸ್ಮಿಕದ್ದಲ್ಲ ಎಂದರ್ಥ. ಆದರೆ ಟ್ರಯಲ್‌ಗಳ ನಿಜವಾದ ಪರಿಣಾಮ ಎಷ್ಟು ದೂರ ದೂರ ಇದೆ ಎನ್ನುವುದನ್ನು ಅದು ಹೇಳುವುದಿಲ್ಲ. ಅದೇ ವ್ಯತ್ಯಾಸವನ್ನಿಟ್ಟುಕೊಂಡು ಪ್ರತಿ ಟ್ರಯಲ್‌ಗೂ ಹತ್ತು ಪಟ್ಟು ಜನರನ್ನು ಸೇರಿಸಿದರೆ I² ಇನ್ನೂ ಮೇಲೇರುತ್ತದೆ. ಆದ್ದರಿಂದ "75 ದಾಟಿದರೆ ಕೆಟ್ಟದ್ದು" ಎಂಬ ಸೂತ್ರ ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ದೂರ ಎಷ್ಟು ಅನ್ನುವುದನ್ನು ಹೇಳುವುದು ಪ್ರಿಡಿಕ್ಷನ್ ಇಂಟರ್ವಲ್. ಮೇಲಿನ ಕೋಡಿನ ಕೊನೆಯ ಸಾಲು ಅದನ್ನು ಕೊಡುತ್ತದೆ: 0.15ರಿಂದ 1.55. ಇಂಥದ್ದೇ ಇನ್ನೊಂದು ಜಾಗದಲ್ಲಿ ಟ್ರಯಲ್ ಮಾಡಿದರೆ ಲಸಿಕೆಯ ನಿಜವಾದ ಪರಿಣಾಮ ಈ ವ್ಯಾಪ್ತಿಯಲ್ಲಿ ಎಲ್ಲಿ ಬೇಕಾದರೂ ಇರಬಹುದು. ಭಾರೀ ಲಾಭ ಆಗಬಹುದು, ಏನೂ ಆಗದೆಯೂ ಇರಬಹುದು. ವಜ್ರ ಕಿರಿದಾಗಿ ಕಾಣುವುದು ಅದು ಸರಾಸರಿಯ ಬಗ್ಗೆ ಮಾತ್ರ ಹೇಳುವುದರಿಂದ. ಆಗುಂಬೆ, ಚಳ್ಳಕೆರೆ ಎರಡರ ಮಳೆಯ ಸರಾಸರಿ ತೆಗೆದು ರೈತನಿಗೆ ಕೊಟ್ಟರೆ ಅವನೇನು ಬಿತ್ತಬೇಕು?

ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದೇ ಇಲ್ಲ. ಎಲ್ಲ ಕಡೆ ಪರಿಣಾಮ ಒಂದೇ ಎಂದುಕೊಂಡು, ಫಿಕ್ಸೆಡ್ ಎಫೆಕ್ಟ್ ಮಾದರಿಯಲ್ಲಿ ಲೆಕ್ಕ ಹಾಕಿದರೆ ಮದ್ರಾಸ್ ಟ್ರಯಲ್ ಒಂದಕ್ಕೇ ಸುಮಾರು 41% ತೂಕ ಸಿಗುತ್ತದೆ, ವಜ್ರ 0.65ರಲ್ಲಿ ಕೂರುತ್ತದೆ. ಮೇಲಿನದು ಪರಿಣಾಮ ಜಾಗದಿಂದ ಜಾಗಕ್ಕೆ ಬೇರೆಯಿರಬಹುದು ಎಂದುಕೊಳ್ಳುವ ರ‍್ಯಾಂಡಮ್ ಎಫೆಕ್ಟ್ಸ್. ಅದರಲ್ಲಿ ಮದ್ರಾಸ್‌ನ ತೂಕ ಸುಮಾರು 10%ಗೆ ಇಳಿಯುತ್ತದೆ. ಕೆನಡಾದಲ್ಲಿ ಆರುನೂರು ಚಿಲ್ಲರೆ ಮಕ್ಕಳ ಮೇಲೆ ನಡೆದ Ferguson & Simes ಟ್ರಯಲ್ 1%ಗಿಂತ ಕೆಳಗಿದ್ದದ್ದು 6%ಗೆ ಏರುತ್ತದೆ. 0.65 ಹೋಗಿ 0.49 ಬಂದದ್ದು ಹೀಗೆ. ಹೆಟೆರೋಜೆನಿಟಿ ಜಾಸ್ತಿ ಇದೆ ಎಂದು ರ‍್ಯಾಂಡಮ್ ಎಫೆಕ್ಟ್ಸ್ ಬಳಸಿದೆವು, ಸಮಸ್ಯೆ ಬಗೆಹರಿಯಿತು ಎಂದು ಪೇಪರುಗಳಲ್ಲಿ ಬರೆಯುತ್ತಾರಲ್ಲ, ಬಗೆಹರಿಯುವುದಿಲ್ಲ. ತೂಕ ಹಂಚಿಕೆ ಬದಲಾಗುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಕಾರಣ ಹುಡುಕಬೇಕಾದರೆ ಸಾಲುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಬೇಕು. ಇಲ್ಲಿ ಉಪಯೋಗಕ್ಕೆ ಬರುವುದು ಅಕ್ಷಾಂಶ, ಅಂದರೆ ಭೂಮಧ್ಯರೇಖೆಯಿಂದ ಎಷ್ಟು ದೂರ ಎಂಬುದು. ಕೆನಡಾ 55 ಡಿಗ್ರಿ, ಬ್ರಿಟನ್ 52. ಮದ್ರಾಸ್ 13. ಕೋಲಾರದ ಗಡಿಯಾಚೆಗಿನ ಮದನಪಲ್ಲಿಯ ಟ್ರಯಲ್ (Frimodt-Moller, 1973) ಕೂಡ 13, ಅದರ ರೇಶಿಯೋ 0.80. ಹಾಗೆ ಜೋಡಿಸಿದರೆ ಚೌಕಗಳು ಓರೆಯಾಗಿ ಸಾಲುಗಟ್ಟುತ್ತವೆ. `rma(yi, vi, mods = ~ ablat, data=dat)` ಎಂದು ಮೆಟಾ-ರಿಗ್ರೆಶನ್ ಓಡಿಸಿದರೆ ಟ್ರಯಲ್‌ಗಳ ನಡುವಿನ ವ್ಯತ್ಯಾಸದಲ್ಲಿ ಮುಕ್ಕಾಲು ಭಾಗ ಅಕ್ಷಾಂಶದ ಲೆಕ್ಕಕ್ಕೆ ಹೋಗುತ್ತದೆ. 55 ಡಿಗ್ರಿಯಲ್ಲಿ ಅಂದಾಜು 0.26, 13 ಡಿಗ್ರಿಯಲ್ಲಿ 0.88.

ಬೆಂಗಳೂರು ಇರುವುದೂ 13 ಡಿಗ್ರಿಯ ಹತ್ತಿರವೇ. ನಮ್ಮ ಪಾಲಿಗೆ 0.49ಕ್ಕಿಂತ 0.88 ಹೆಚ್ಚು ಪ್ರಾಮಾಣಿಕ ಉತ್ತರ ಎಂದು ನನಗನಿಸುತ್ತದೆ.

ಹಾಗಂತ ಅಕ್ಷಾಂಶವೇ ಲಸಿಕೆಯನ್ನು ಕೆಡಿಸುತ್ತದೆ ಎಂದಲ್ಲ. ಬೆಚ್ಚಗಿನ ನಾಡುಗಳ ಮಣ್ಣು ನೀರಿನಲ್ಲಿ ಟಿಬಿಯ ದಾಯಾದಿ ಬ್ಯಾಕ್ಟೀರಿಯಾಗಳು ಜಾಸ್ತಿ. ಅವುಗಳ ಸಂಪರ್ಕಕ್ಕೆ ಮೊದಲೇ ಬಂದವರಿಗೆ ಲಸಿಕೆ ಹೆಚ್ಚೇನೂ ಸೇರಿಸುವುದಿಲ್ಲ ಎಂಬುದು ಒಂದು ಮುಖ್ಯ ವಿವರಣೆ. ಆದರೆ ಟ್ರಯಲ್‌ಗಳ ಕಾಲ, ಬಳಸಿದ ಬಿಸಿಜಿ ತಳಿ, ಜನರ ವಯಸ್ಸು ಇವೂ ಬೇರೆ ಬೇರೆ. ಇರುವುದು 13 ಚುಕ್ಕಿ ಮಾತ್ರ, ಅವುಗಳಿಂದ ಇಷ್ಟನ್ನೆಲ್ಲ ಬಿಡಿಸಿ ಹೇಳಲು ಆಗುವುದಿಲ್ಲ. ಅಕ್ಷಾಂಶವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ I² 68% ಉಳಿದಿರುತ್ತದೆ.

ಇಷ್ಟು ಹೇಳಿದ ಮೇಲೆ ಯಾರಾದರೂ "ಹಾಗಾದ್ರೆ ಮಗುವಿಗೆ ಬಿಸಿಜಿ ಹಾಕಿಸಬೇಕಾ ಬೇಡ್ವಾ" ಎಂದು ಕೇಳಿಯೇ ಕೇಳುತ್ತಾರೆ. ಹಾಕಿಸಿ. ನಮ್ಮಲ್ಲಿ ಹುಟ್ಟಿದಾಗ ಅದನ್ನು ಕೊಡುವುದು ಮುಖ್ಯವಾಗಿ ಎಳೆ ಮಕ್ಕಳಲ್ಲಿ ಮಿದುಳು ಪೊರೆಯ ಟಿಬಿ ಮತ್ತು ಮೈಯೆಲ್ಲ ಹರಡುವ ಟಿಬಿಯನ್ನು ತಡೆಯಲು. ಅದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ಫಾರೆಸ್ಟ್ ಪ್ಲಾಟ್ ನೋಡಬೇಕು.