ಅಖಂಡ ಭಜನೆ ಮುಗಿದ ಮೇಲೆ ಯಾರಿಗೆ ಥ್ಯಾಂಕ್ಸ್ ಹೇಳೋದು?

"24 ಗಂಟೆ ಭಜನೆ ಆದ್ಮೇಲೆ ವಂದನಾರ್ಪಣೆ ನಂದು ಅಂತ ಹೇಳಿಬಿಟ್ಟಿದ್ದಾರೆ ಸಾರ್. ಅಷ್ಟೊಂದು ಹೆಸರು ಹೇಗೆ ಹೇಳೋದು? ಒಬ್ಬರನ್ನ ಬಿಟ್ರೂ ಬೇಜಾರು ಮಾಡ್ಕೊಳ್ತಾರೆ."

ಗಡಿಯಾರ ಹಿಡಿದುಕೊಂಡು ಹೇಳಿ. ಅಧ್ಯಕ್ಷರು, ಕಾರ್ಯದರ್ಶಿ, ದಾನಿಗಳು ಅಂತ ಶುರು ಮಾಡಿದರೆ ಹೆಸರು ಖಂಡಿತ ಬಿಟ್ಟುಹೋಗುತ್ತದೆ. ನಿನ್ನೆ ಸಂಜೆಯಿಂದ ಇವತ್ತು ಸಂಜೆವರೆಗೆ ಏನೇನಾಯಿತು ಅಂತ ಗಂಟೆಗಂಟೆಯಾಗಿ ನೆನೆಸಿಕೊಂಡು ಹೋದರೆ, ಆಯಾ ಹೊತ್ತಿನಲ್ಲಿ ಇದ್ದವರು ತಾವಾಗಿಯೇ ನೆನಪಿಗೆ ಬರುತ್ತಾರೆ.

ಹನುಮಂತನಗರದ ನಮ್ಮ ಭಜನೆ ಶನಿವಾರ ಸಂಜೆ 6ಕ್ಕೆ ಶುರುವಾಗಿ ಭಾನುವಾರ ಸಂಜೆ 6ಕ್ಕೆ ಮುಗಿಯುತ್ತದೆ. 12 ತಂಡ, ಒಂದೊಂದಕ್ಕೆ ಎರಡು ಗಂಟೆ. ಒಂದು ಡ್ರಾಯಿಂಗ್ ಶೀಟಿನಲ್ಲಿ 12 ಸಾಲು ಎಳೆದು ಕಂಬಕ್ಕೆ ಅಂಟಿಸುತ್ತೇವೆ. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು. ಹಾಡಿದವರಷ್ಟೇ ಅಲ್ಲ, ಎಣ್ಣೆ ಹಾಕಿದವರು, ಕಾಫಿ ತಂದವರು, ಚಪ್ಪಲಿ ಕಾದವರು ಎಲ್ಲರ ಹೆಸರೂ ಆಯಾ ಹೊತ್ತಿನ ಸಾಲಿನಲ್ಲಿ ಬರೆಯಬೇಕು. ಸಂಜೆ 5ಕ್ಕೆ ನಾನು ಆ ಶೀಟಿನ ಮುಂದೆ ನಿಂತು ಒಂದು ಹಾಳೆಗೆ ದಪ್ಪ ಅಕ್ಷರದಲ್ಲಿ ಇಳಿಸಿಕೊಳ್ಳುತ್ತೇನೆ. ನಿದ್ದೆಗೆಟ್ಟ ಕಣ್ಣಿಗೆ ಸಣ್ಣ ಅಕ್ಷರ ಕಾಣೋಲ್ಲ.

ಈ ಶೀಟು ಬಂದದ್ದಕ್ಕೆ ಕಾರಣ ಇದೆ. ಮೊದಲ ವರ್ಷ ನಾನು ಮೈಕ್ ಹುಡುಗನನ್ನು ಮರೆತುಬಿಟ್ಟೆ. ಮೈಕ್ ಇದ್ದಷ್ಟು ಹೊತ್ತೂ ಆಂಪ್ಲಿಫೈಯರ್ ಪಕ್ಕ ಕುಳಿತಿದ್ದವನು, ನಾನು ಮಾತು ಮುಗಿಸುವ ಹೊತ್ತಿಗೆ ಸುಮ್ನೆ ವೈರು ಸುತ್ತುತ್ತಿದ್ದ. ಅದನ್ನು ನೋಡಿ ನನಗೆ ತುಂಬಾ ಸಂಕಟವಾಯಿತು.

ಎಲ್ಲ ಸಾಲಿಗೂ ಒಂದೇ ತೂಕ ಕೊಡಬೇಡಿ. ಸಂಜೆ 6ರ ತಂಡಕ್ಕೆ ಹಾಲ್ ತುಂಬಾ ಜನ ಇರುತ್ತಾರೆ. ಅವರಿಗೆ ಒಂದು ವಾಕ್ಯ ಸಾಕು. ರಾತ್ರಿ 2ರಿಂದ 4ರ ಹೊತ್ತು ನಿಜವಾಗಿ ಕಷ್ಟದ್ದು. ಹೋದ ಸಲ ಆ ಹೊತ್ತಿನಲ್ಲಿ ಇದ್ದದ್ದು ಐದೇ ಜನ. ಒಬ್ಬರು ಹೇಳಿಕೊಡೋದು, ನಾಲ್ವರು ತಿರುಗಿ ಹೇಳೋದು. ತಬಲಾ ಇಲ್ಲ, ಬರೀ ತಾಳ. ಮುಂದಿನ ತಂಡ ಬರುವುದು ತಡವಾಯಿತು. ಹೊಸಬರು ಬಂದು ಕುಳಿತು, ಅದೇ ನಾಮವನ್ನು ಅದೇ ಶ್ರುತಿಯಲ್ಲಿ ಎತ್ತಿಕೊಂಡ ಮೇಲೇ ಹಳಬರು ಏಳಬೇಕು ಅನ್ನೋದು ನಮ್ಮ ಕ್ರಮ. ನಡುವೆ ಒಂದು ಉಸಿರಿನಷ್ಟು ಬಿಡುವು ಬಂದರೂ ಅದು ಅಖಂಡ ಅಲ್ಲ. ಆ ಐದು ಜನ ಏಳಲೇ ಇಲ್ಲ. ನಾನು ಹೇಳಿದ್ದು ಇಷ್ಟು:

"ಬೆಳಗಿನ ಜಾವ 4ಕ್ಕೆ ಇವರ ಸರದಿ ಮುಗಿದಿತ್ತು. 4:40ರವರೆಗೂ ಹಾಡಿದರು. ನಾಮ ನಿಲ್ಲಲಿಲ್ಲ. ಐದು ಜನರೂ ಇಲ್ಲೇ ಇದ್ದಾರೆ, ದಯವಿಟ್ಟು ಎದ್ದು ನಿಲ್ಲಿ."

ಯಾಕೆ ತಡವಾಯಿತು, ಯಾರು ತಡ ಮಾಡಿದರು ಅಂತ ಹೇಳಲಿಲ್ಲ. ಒಬ್ಬರಿಗೆ ಕೃತಜ್ಞತೆ ಹೇಳುವಾಗ ಇನ್ನೊಬ್ಬರು ತಲೆ ತಗ್ಗಿಸೋ ಹಾಗಾಗಬಾರದು ಅಲ್ವಾ?

ಅಕ್ಕಪಕ್ಕದ ಮನೆಯವರನ್ನು ಮರೆಯಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು. ನಾವು 10ಕ್ಕೆ ಮೈಕ್ ಪೂರ್ತಿ ಆಫ್ ಮಾಡಿ, ಬಾಗಿಲು ಹಾಕಿಕೊಂಡು ಬರೀ ಗಂಟಲಲ್ಲಿ ಹಾಡುತ್ತೇವೆ. ಆದರೂ ತಾಳದ ಸದ್ದು ಎದುರುಮನೆಗೆ ಕೇಳಿಸುತ್ತದೆ. ಅಲ್ಲಿ ಎಳೆ ಮಗು ಇದೆ. ಅವರು ಸಭೆಯಲ್ಲಿ ಇರೋಲ್ಲ, ಆದರೂ ಅವರಿಗೆ ಹೇಳುವ ಮಾತು ಎಲ್ಲರ ಕಿವಿಗೂ ಬೀಳಬೇಕು. ಆಮೇಲೆ ಪ್ರಸಾದ ಹಿಡಿದುಕೊಂಡು ಅವರ ಮನೆಗೆ ಹೋಗಿ ಬನ್ನಿ.

ದಾನಿಗಳ ವಿಷಯವನ್ನು ಕಮಿಟಿಯ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಎಲ್ಲರ ಹೆಸರೂ ಬಾಗಿಲ ಬಳಿ ಬೋರ್ಡಿನಲ್ಲಿ ಇದ್ದರೆ ಓದೋದು ಬೇಡ. "ಅಕ್ಕಿ, ಬೇಳೆ, ಹೂವು, ಎಣ್ಣೆ ಕೊಟ್ಟ ಎಲ್ಲರಿಗೂ" ಅಂದು ಮುಂದೆ ಹೋಗಿ. ಮೊತ್ತವಂತೂ ಬೇಡವೇ ಬೇಡ.

ಯಾವಾಗ ಮಾತಾಡಬೇಕು ಅನ್ನೋದು ಮುಖ್ಯ. ತೀರ್ಥ ಕೊಡಲು ಶುರುವಾದರೆ ಎಲ್ಲರೂ ಎದ್ದು ಸಾಲು ನಿಲ್ಲುತ್ತಾರೆ, ನೀವು ಬೆನ್ನುಗಳಿಗೆ ವಂದನೆ ಹೇಳಬೇಕಾಗುತ್ತದೆ. ಮಂಗಳಾರತಿ ಆಗಿ, ಆರತಿ ತಟ್ಟೆ ಕುಳಿತವರ ಹತ್ತಿರವೇ ಒಂದು ಸುತ್ತು ಬಂದ ಮೇಲೆ ನಾಲ್ಕು ನಿಮಿಷ ಕೊಡಿ ಅಂತ ಅರ್ಚಕರನ್ನು ಮೊದಲೇ ಕೇಳಿಕೊಳ್ಳಿ. ನೀವೂ ಹಾಡಿದವರಾದರೆ ಕೊನೆಯ ಗಂಟೆ ಬಾಯಿ ಮುಚ್ಚಿಕೊಂಡು ಬಿಸಿ ಜೀರಿಗೆ ನೀರು ಕುಡಿಯಿರಿ. ಗಂಟಲು ಒಡೆದಿದ್ದರೆ ಹೆಸರುಗಳು ಸ್ಪಷ್ಟವಾಗಿ ಕೇಳೋಲ್ಲ.

ಇಷ್ಟಾದರೂ ಒಂದು ಹೆಸರು ಬಿಟ್ಟುಹೋದರೆ, ಊಟದ ಪಂಕ್ತಿಯಲ್ಲಿ ಅವರ ಎಲೆಗೆ ನೀವೇ ಬಡಿಸಿ, ಅಲ್ಲೇ ಹೇಳಿ. ಹೋದ ಸಲ ಹಾಲ್ ಗುಡಿಸಿದ ಅಮ್ಮನ ಹೆಸರು ಶೀಟಿನಲ್ಲೇ ಇರಲಿಲ್ಲ. ಪಾಯಸದ ಸೌಟು ಹಿಡಿದು ಅವರ ಮುಂದೆ ಬಗ್ಗಿ ಹೇಳಿದೆ. "ಅಯ್ಯೋ, ಅದೆಲ್ಲ ಯಾಕಪ್ಪಾ, ಇನ್ನೊಂದು ಸ್ವಲ್ಪ ಹಾಕು" ಅಂದರು.