ಅಣ್ಣಿಗೇರಿ ದಾಟಿದ ಮೇಲೆ ಒಂದು ಹಲಗೆ

ಹುಬ್ಬಳ್ಳಿಯಿಂದ ಹಂಪಿಗೆ ಹೊರಟಿದ್ದೆವು. ನಾನು, ಹೆಂಡತಿ, ಇಬ್ಬರು ಮಕ್ಕಳು. ಹಿಂದಿನ ರಾತ್ರಿಯೇ ಕಾಗದ ಪತ್ರ ನೋಡಿಕೊಂಡಿದ್ದೆ. ಆರ್‌ಸಿ, ಇನ್ಶೂರೆನ್ಸ್, ಲೈಸೆನ್ಸ್ ಎಲ್ಲ ಡಿಜಿಲಾಕರ್‌ನಲ್ಲಿದ್ದವು. ಅಲ್ಲಿ ತೋರಿಸಿದರೆ ಮೂಲ ಪತ್ರ ತೋರಿಸಿದಂತೆಯೇ. ವಾಟ್ಸಾಪ್‌ನಲ್ಲಿ ಇಟ್ಟುಕೊಂಡ ಫೋಟೊಗೆ ಆ ಬೆಲೆ ಇಲ್ಲ. ಹೊಗೆ ತಪಾಸಣೆಯ ಚೀಟಿ ಇನ್ನು ನಾಲ್ಕೇ ದಿನ ಇತ್ತು. ಬೆಳಿಗ್ಗೆ ಅದನ್ನು ಮಾಡಿಸಿಕೊಂಡೇ ಊರು ಬಿಟ್ಟೆವು.

ಅಣ್ಣಿಗೇರಿ ದಾಟಿದ ಸ್ವಲ್ಪ ಹೊತ್ತಿಗೆ ಗಾಡಿ ಎಡಕ್ಕೆ ಎಳೆಯತೊಡಗಿತು. ಮುಂದಿನ ಎಡ ಟೈರು ಪಂಚರ್. ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ಇಳಿಸಿ ಹಜಾರ್ಡ್ ಲೈಟು ಹಾಕಿದೆ. ಮಕ್ಕಳನ್ನು ಎಡಗಡೆ ಬಾಗಿಲಿನಿಂದ ಇಳಿಸಿ, ಹೆಂಡತಿ ದೂರದ ಬೇವಿನ ಮರದ ಕೆಳಗೆ ಕರೆದೊಯ್ದಳು. ಕೆಂಪು ತ್ರಿಕೋನವನ್ನು ಐವತ್ತು ದೊಡ್ಡ ಹೆಜ್ಜೆ ಹಿಂದಕ್ಕೆ ಇಟ್ಟು ಬಂದೆ.

ಹ್ಯಾಂಡ್‌ಬ್ರೇಕ್ ಎಳೆದು, ಗೇರು ಹಾಕಿ, ಹಿಂದಿನ ಬಲ ಚಕ್ರಕ್ಕೆ ಕಲ್ಲು ಕೊಟ್ಟೆ. ಚಕ್ರ ನೆಲದ ಮೇಲಿದ್ದಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಬೇಕು. ಎತ್ತಿದ ಮೇಲೆ ಚಕ್ರವೇ ತಿರುಗುತ್ತದೆ, ಅಲ್ವಾ? ಆದರೆ ಅವು ಜಪ್ಪಯ್ಯ ಅನ್ನಲಿಲ್ಲ. ಅಂಗಡಿಯಲ್ಲಿ ಮಷಿನ್ ಹಿಡಿದು ಬಿಗಿದ ನಟ್ಟು, ಗಾಡಿ ಜೊತೆ ಬರುವ ಗಿಡ್ಡ ಪಾನಾಕ್ಕೆ ಜಗ್ಗುವುದಿಲ್ಲ. ಕಾಲಿಟ್ಟು ಒತ್ತಿದಾಗ ಒಂದೊಂದಾಗಿ ಬಿಟ್ಟವು.

ನಿಜವಾದ ಕಷ್ಟ ಆಮೇಲೆ. ಹಿಂದಿನ ದಿನ ಮಳೆಯಾಗಿತ್ತು. ಜಾಕಿ ಏರಿಸುತ್ತಿದ್ದೇನೆ, ಗಾಡಿ ಏರುತ್ತಿಲ್ಲ. ಬಗ್ಗಿ ನೋಡಿದರೆ ಜಾಕಿಯೇ ಎರೆಮಣ್ಣಿನಲ್ಲಿ ಹೂತು ಓರೆಯಾಗುತ್ತಿದೆ. ಕೂಡಲೇ ಇಳಿಸಿದೆ. ಓರೆಯಾದ ಜಾಕಿ ಯಾವ ಕ್ಷಣದಲ್ಲಾದರೂ ಜಾರಬಹುದು.

ಆ ಕಡೆಯಿಂದ ಬಂದ ಟ್ರ್ಯಾಕ್ಟರಿನವರು ನಿಲ್ಲಿಸಿದರು. "ಕೆಳಗ ಹಲಗಿ ಇಡ್ರೀ ಸರ. ಎರಿ ಹೊಲದಾಗ ಹಂಗ ಜಾಕ್ ಹಚ್ಚಿದ್ರ ನಿಲ್ಲಂಗಿಲ್ಲ" ಎಂದು ತಮ್ಮಲ್ಲಿದ್ದ ಒಂದು ದಪ್ಪ ಹಲಗೆ ತುಂಡು ಕೊಟ್ಟರು. ಅಗಲ ಒಂದು ಗೇಣು, ಉದ್ದ ಒಂದೂವರೆ ಗೇಣು ಇದ್ದೀತು. ಅದರ ಮೇಲೆ ಜಾಕಿ ಕಂಬದ ಹಾಗೆ ನಿಂತಿತು.

ಸ್ಟೆಪ್ನಿ ಹಾಕಿ ಗಾಡಿ ಇಳಿಸಿದರೆ ಅದೂ ಮೆತ್ತಗೆ! ಗಾಳಿ ಬರೀ 16 ಪಿಎಸ್ಐ. ಬೇಕಾದದ್ದು 33, ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲೇ ಬರೆದಿರುತ್ತದೆ. ನಾಲ್ಕು ಚಕ್ರಕ್ಕೆ ಗಾಳಿ ಹಿಡಿಸುವಾಗ ಡಿಕ್ಕಿಯೊಳಗಿನ ಐದನೆಯದನ್ನು ನಾನು ವರ್ಷದಿಂದ ಮುಟ್ಟಿರಲಿಲ್ಲ. ಪುಣ್ಯಕ್ಕೆ 12 ವೋಲ್ಟಿನ ಸಣ್ಣ ಪಂಪು ಇತ್ತು. ಗಾಡಿ ಚಾಲೂ ಇಟ್ಟು ಅದರಿಂದಲೇ ತುಂಬಿಸಿದೆ.

ಇಷ್ಟಕ್ಕೆ ಮುಕ್ಕಾಲು ಗಂಟೆ. ಮಕ್ಕಳ ಚೀಲ ಹಿಂದಿನ ಸೀಟಿನಲ್ಲೇ ಇತ್ತು. ನೀರು, ಟೋಪಿ, ಚುರುಮುರಿ, ಓಆರ್‌ಎಸ್ ಪೊಟ್ಟಣ ಎಲ್ಲ ಕೈಗೆ ಸಿಕ್ಕವು. ಜಾಕಿ ಮಾತ್ರ ಮೂರು ಬ್ಯಾಗುಗಳ ಅಡಿಯಲ್ಲಿತ್ತು.

ಗದಗದಲ್ಲಿ ಪಂಚರ್ ತೆಗೆಸಿ, ಸಾಮಿಲ್ಲಿನಲ್ಲಿ ಒಂದು ಹಲಗೆ ಕೇಳಿ ತಂದೆ. ಉದ್ದನೆಯ ಪಾನಾ ಕೊಂಡೆ. ಡಿಕ್ಕಿ ಪೂರ್ತಿ ಖಾಲಿ ಮಾಡಿ, ಬ್ಯಾಗುಗಳನ್ನು ಒಂದು ಪಕ್ಕಕ್ಕೆ, ಜಾಕಿ, ಪಾನಾ, ತ್ರಿಕೋನ, ಹಲಗೆಯನ್ನು ಬಾಗಿಲ ಹತ್ತಿರಕ್ಕೆ ಜೋಡಿಸಿಕೊಂಡು ಕೊಪ್ಪಳದ ದಾರಿ ಹಿಡಿದೆವು.